ಪನೀರ್ ಹೋಗಿ ಸೋಯಾ ಬಂತು: ಒಬ್ಬ ಮೇಷ್ಟ್ರ ಎಲ್‌ಡಿಎಲ್ 14 ಅಂಕ ಇಳಿದ ಕಥೆ

ಬೆಳಗಾವಿ ಜಿಲ್ಲೆಯ ಒಂದು ಊರಿನ ಹೈಸ್ಕೂಲ್ ಮೇಷ್ಟ್ರು. ವಯಸ್ಸು 46, ತೂಕ 72 ಕೆಜಿ. ಮನೆಯಲ್ಲಿ ಆರು ಎಕರೆ ಹೊಲ, ಮುಂಗಾರಿಗೆ ಸೋಯಾ ಅವರೆ, ಹಿಂಗಾರಿಗೆ ಕಡಲೆ. ನಾನು ಆಹಾರ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಅವರು ನನ್ನ ಹತ್ತಿರ ಬಂದಾಗ ಕೈಯಲ್ಲಿ ಒಂದು ರಕ್ತ ಪರೀಕ್ಷೆಯ ಚೀಟಿ ಇತ್ತು. ಒಟ್ಟು ಕೊಲೆಸ್ಟ್ರಾಲ್ 232, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 170, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 158. ಎಲ್ಲವೂ ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ಮೂರು ತಿಂಗಳ ಸಕ್ಕರೆ ಸರಾಸರಿ 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅವರ ತಂದೆಗೆ 51ನೇ ವಯಸ್ಸಿನಲ್ಲೇ ಹೃದಯಾಘಾತ ಆಗಿತ್ತು.

ಈ ಪ್ರಕರಣವನ್ನು ಬರೆಯಲು ಮುಖ್ಯ ಕಾರಣ ಅವರ ಊಟದ ಹಿಂದಿನ ವರ್ಷದ ಕಥೆ. ಸಕ್ಕರೆ ಏರುತ್ತಿದೆ ಅಂತ ಗೊತ್ತಾದಾಗ ಅವರು ರಾತ್ರಿ ಅನ್ನ ಬಿಟ್ಟರು. ಕಾಲೇಜಿಗೆ ಹೋಗುವ ಮಗ "ಅಪ್ಪಾ, ಪ್ರೋಟೀನ್ ಜಾಸ್ತಿ ತಿನ್ರಿ" ಅಂದ. ಹಾಗೆ ವಾರಕ್ಕೆ ಐದು ರಾತ್ರಿ ನೂರು ನೂರು ಗ್ರಾಂ ಪನೀರ್ ಶುರುವಾಯಿತು. ಭಾನುವಾರ ಕುರಿ ಮಾಂಸ, ಕೊಬ್ಬು ಸಮೇತ. ಸಕ್ಕರೆ ಅಲ್ಲಿಗೇ ನಿಂತಿತು, ಅದು ಒಳ್ಳೆಯದೇ. ಆದರೆ ಎಲ್‌ಡಿಎಲ್ ಒಂದು ವರ್ಷದಲ್ಲಿ 139ರಿಂದ ಮೇಲೆ ಹತ್ತಿತ್ತು.

ಪನೀರ್ ಸಸ್ಯಾಹಾರ, ಹಾಗಾಗಿ ಹೃದಯಕ್ಕೆ ಹಗುರ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಆದರೆ ಪನೀರ್ ಅಂದರೆ ಹಾಲಿನ ಪ್ರೋಟೀನ್ ಜೊತೆ ಕೊಬ್ಬನ್ನೂ ಒಟ್ಟುಗೂಡಿಸಿ ಒತ್ತಿದ ಪದಾರ್ಥ. ನೂರು ಗ್ರಾಂ ಪನೀರಿನಲ್ಲಿ 18 ಗ್ರಾಂನಷ್ಟು ಪ್ರೋಟೀನ್ ಇದ್ದರೆ, ಕೊಬ್ಬು 20 ಗ್ರಾಂಗೂ ಜಾಸ್ತಿ. ಆ ಕೊಬ್ಬಿನಲ್ಲಿ 13 ಗ್ರಾಂ ಹತ್ತಿರ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪದ ಹಾಗೆ ಗಟ್ಟಿಯಾಗುವ ಜಾತಿ. ಯಕೃತ್ತಿನ ಜೀವಕೋಶಗಳ ಮೇಲೆ ರಕ್ತದಿಂದ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆಯುವ ಕೊಂಡಿಗಳಿರುತ್ತವೆ. ಈ ಕೊಬ್ಬು ಜಾಸ್ತಿಯಾದರೆ ಆ ಕೊಂಡಿಗಳ ಕೆಲಸ ಕುಂದುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ. ಈ ಒಂದು ವಿಷಯದಲ್ಲಿ ಚರ್ಮ ತೆಗೆದ ಕೋಳಿಗಿಂತ ಪನೀರೇ ಭಾರ. ಅವರ ಹೆಂಡತಿಗೆ ಇದನ್ನು ಹೇಳಿದಾಗ ಅವರು ನಂಬಲೇ ಇಲ್ಲ.

ಮೊದಲ ಆರು ವಾರ: ಏನೂ ಆಗಲಿಲ್ಲ

ಡಾಕ್ಟರು ಮೂರ್ನಾಲ್ಕು ತಿಂಗಳು ಊಟ ಸರಿಮಾಡಿ ನೋಡಿ, ಆಮೇಲೆ ಮಾತ್ರೆಯ ವಿಚಾರ ಅಂದಿದ್ದರು. ನಾನು ಸೋಯಾ ಸೂಚಿಸಿದೆ. ಹೆಂಡತಿ ನಕ್ಕರು. "ಮೇಡಂ, ಹದಿನೈದು ವರ್ಷದಿಂದ ಸೋಯಾ ಬೆಳೀತೀವ್ರಿ. ಆದ್ರ ಮನ್ಯಾಗ ಒಂದು ದಿನಾನೂ ಬೇಯಿಸಿಲ್ರಿ. ಬಂದದ್ದೆಲ್ಲಾ ಮಾರ್ಕೆಟಿಗೇ ಹೋಗ್ತದ." ಬೀದರ್, ಬೆಳಗಾವಿ, ಧಾರವಾಡದ ಕಡೆ ಎಷ್ಟೋ ಮನೆಗಳ ಮಾತು ಇದು. ಕಾಳು ಎಣ್ಣೆ ಕಾರ್ಖಾನೆಗೆ ಹೋಗುತ್ತದೆ. ಎಣ್ಣೆ ತೆಗೆದು ಉಳಿದ ಹಿಟ್ಟನ್ನು ಬಿಸಿ ಮಾಡಿ, ಒತ್ತಡದಲ್ಲಿ ಅಚ್ಚಿನಿಂದ ಹೊರಗೆ ತಳ್ಳಿದರೆ ಅದು ಉಬ್ಬಿ ಸೋಯಾ ಚಂಕ್ಸ್ ಆಗುತ್ತದೆ. ಕೆಲವು ಕಡೆ ಅದನ್ನೇ ಮೀಲ್ ಮೇಕರ್ ಅನ್ನುತ್ತಾರೆ. ಎಣ್ಣೆ ಆಗಲೇ ಹೋಗಿರುವುದರಿಂದ ಅದರಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಒಣ ಚಂಕ್ಸ್ ನೂರು ಗ್ರಾಂ ಇದ್ದರೆ ಅದರಲ್ಲಿ ಅರ್ಧಕ್ಕೂ ಜಾಸ್ತಿ, ಸುಮಾರು 52 ಗ್ರಾಂ, ಪ್ರೋಟೀನ್.

ಆರು ವಾರ ಬಿಟ್ಟು ಪರೀಕ್ಷೆ ಮಾಡಿಸಿದಾಗ ಎಲ್‌ಡಿಎಲ್ 160. ಮೇಷ್ಟ್ರ ಮುಖ ಸಣ್ಣದಾಯಿತು. "ದಿನಾ ತಿಂದೀನ್ರಿ ಮೇಡಂ, ಸುಳ್ಳು ಹೇಳಂಗಿಲ್ಲ."

ಅವರು ಸುಳ್ಳು ಹೇಳಿರಲಿಲ್ಲ. ತಪ್ಪು ನನ್ನ ಮಾತಿನಲ್ಲಿತ್ತು. ನಾನು "ಸೋಯಾ ತಿನ್ನಿ" ಅಂದಿದ್ದೆ. ಏನನ್ನು ತೆಗೆದು ಅದರ ಜಾಗಕ್ಕೆ ತಿನ್ನಬೇಕು ಅಂತ ಬಿಡಿಸಿ ಹೇಳಿರಲಿಲ್ಲ. ಮೂರು ದಿನದ ಊಟ ಕೂತು ಬರೆಸಿಕೊಂಡಾಗ ಎಲ್ಲ ತಿಳಿಯಿತು. ಪನೀರ್ ಹಾಗೇ ಇತ್ತು. ಸೋಯಾ ಚಂಕ್ಸ್ ಸಂಜೆಯ ತಿಂಡಿಯಾಗಿ ಸೇರಿತ್ತು. ಅದೂ ವಾರಕ್ಕೆ ಎರಡು ದಿನ ಮನೆಯಲ್ಲಿ ಕರಿದದ್ದು, ಮೂರು ದಿನ ಬಸ್ ಸ್ಟ್ಯಾಂಡ್ ಹತ್ತಿರದ ಗಾಡಿಯ ಸೋಯಾ ಚಿಲ್ಲಿ. ನೆನೆದು ಹಿಂಡಿದ ಚಂಕ್ಸ್ ಸ್ಪಂಜಿನ ಹಾಗೆ. ಒಳಗೆಲ್ಲ ಖಾಲಿ ಗೂಡು. ಬಾಣಲೆಗೆ ಬಿದ್ದ ಕೂಡಲೇ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಗಾಡಿಗಳಲ್ಲಿ ಸಾಮಾನ್ಯವಾಗಿ ಬಳಸುವುದು ತಾಳೆ ಎಣ್ಣೆ, ಅದರ ಕೊಬ್ಬಿನಲ್ಲಿ ಹತ್ತಿರ ಹತ್ತಿರ ಅರ್ಧ ಸ್ಯಾಚುರೇಟೆಡ್. ಕೊಬ್ಬಿಲ್ಲದ ಪದಾರ್ಥವನ್ನು ಆರಿಸಿಕೊಂಡು, ಅದರಲ್ಲೇ ನಮಗೆ ಬೇಡದ ಕೊಬ್ಬನ್ನು ತುಂಬಿಸಿ ತಿಂದ ಹಾಗಾಯಿತು. ಜೊತೆಗೆ ಬೆಳಿಗ್ಗೆ ಪ್ಯಾಕೆಟ್ ಸೋಯಾ ಹಾಲು, ಚಾಕೊಲೇಟ್ ರುಚಿಯದು. ಒಂದು ಲೋಟಕ್ಕೆ ಹತ್ತು ಗ್ರಾಂಗೂ ಜಾಸ್ತಿ ಸಕ್ಕರೆ. ಸಕ್ಕರೆ ಹೊಸ್ತಿಲಲ್ಲಿರುವ ಮನುಷ್ಯನಿಗೆ ಅದು ಬೇಕಾ?

ಸೋಯಾದ ಸ್ವಂತ ಶಕ್ತಿ ಎಷ್ಟು

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಸೋಯಾದ ಹೆಸರು ದೊಡ್ಡದಾಗಿದ್ದೇ ಒಂದು ಲೆಕ್ಕದಿಂದ. 1995ರಲ್ಲಿ 38 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ಸರಾಸರಿ 47 ಗ್ರಾಂ ಸೋಯಾ ಪ್ರೋಟೀನ್ ತಿಂದವರ ಎಲ್‌ಡಿಎಲ್ ನೂರಕ್ಕೆ 13ರಷ್ಟು ಇಳಿದದ್ದು ಕಂಡಿತು. 1999ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಹೃದಯ ಕಾಯಿಲೆಯ ಅಪಾಯ ತಗ್ಗಿಸಬಹುದು ಅಂತ ಪ್ಯಾಕೆಟ್ ಮೇಲೆ ಬರೆಯಲು ಒಪ್ಪಿತು. ಆಮೇಲೆ ಇನ್ನಷ್ಟು ಎಚ್ಚರಿಕೆಯ ಪ್ರಯೋಗಗಳು ಬಂದವು, ಅಂಕಿ ಕುಗ್ಗಿತು. 2006ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 22 ಪ್ರಯೋಗ ನೋಡಿ ಇಳಿಕೆ ನೂರಕ್ಕೆ 3ರ ಆಸುಪಾಸು ಅಂದಿತು. 2017ರಲ್ಲಿ ಎಫ್‌ಡಿಎ ತಾನು ಕೊಟ್ಟ ಒಪ್ಪಿಗೆಯನ್ನೇ ವಾಪಸ್ ಪಡೆಯುವ ಪ್ರಸ್ತಾವ ಇಟ್ಟಿತು. ಆ ಎಫ್‌ಡಿಎ ಪರಿಶೀಲಿಸಿದ ಪ್ರಯೋಗಗಳನ್ನೇ ಕೂಡಿಸಿ 2019ರಲ್ಲಿ ಇನ್ನೊಮ್ಮೆ ಲೆಕ್ಕ ಹಾಕಿದರು. ದಿನಕ್ಕೆ ಸುಮಾರು 25 ಗ್ರಾಂ ಸೋಯಾ ಪ್ರೋಟೀನಿಗೆ ಎಲ್‌ಡಿಎಲ್ 5 ಅಂಕದ ಹತ್ತಿರ ಇಳಿದಿತ್ತು, ಮತ್ತೆ ಅದೇ ನೂರಕ್ಕೆ 3 ಚಿಲ್ಲರೆ.

ಹಾಗಾದರೆ ಪರಿಣಾಮ ಇದೆ, ಆದರೆ ಸಣ್ಣದು. ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟೇ: ಸೋಯಾ ತಾನಾಗಿ ನಿಮಗೆ ಮೂರ್ನಾಲ್ಕು ಅಂಕ ಕೊಡಬಹುದು. ಅದು ಬಂದು ಯಾವುದನ್ನು ತಟ್ಟೆಯಿಂದ ಎಬ್ಬಿಸಿತು ಅನ್ನುವುದರಿಂದ ಅದರ ಎರಡರಷ್ಟು ಸಿಗಬಹುದು. ಹಾಗಾಗಿಯೇ ಯಾರು ಏನನ್ನು ಬಿಟ್ಟು ಸೋಯಾ ತಿನ್ನುತ್ತಾರೆ ಅನ್ನುವುದು ಮುಖ್ಯ. ಪನೀರ್ ಅಥವಾ ಕೊಬ್ಬಿನ ಕುರಿ ಮಾಂಸದ ಜಾಗಕ್ಕೆ ಬಂದರೆ ಲಾಭ ಕಾಣುತ್ತದೆ. ಚರ್ಮ ತೆಗೆದ ಕೋಳಿ, ಮೀನು ಅಥವಾ ಬೇಳೆಯ ಜಾಗಕ್ಕೆ ಬಂದರೆ ಆ ದೊಡ್ಡ ಭಾಗ ಸಿಗುವುದೇ ಇಲ್ಲ, ಯಾಕೆಂದರೆ ತೆಗೆಯಲು ಅಲ್ಲಿ ಅಷ್ಟು ಕೊಬ್ಬೇ ಇರಲಿಲ್ಲ.

ಎರಡನೇ ಸಲ, ಅದಲು ಬದಲು

ಪನೀರ್ ಪೂರ್ತಿ ನಿಲ್ಲಿಸಿದೆವು. ಆ ಐದು ರಾತ್ರಿಗಳಲ್ಲಿ ಮೂರು ರಾತ್ರಿ ಸೋಯಾ ಚಂಕ್ಸ್, ಒಣದಾಗಿ ತೂಗಿ 40 ಗ್ರಾಂ. ಇದರಲ್ಲಿ 21 ಗ್ರಾಂ ಪ್ರೋಟೀನ್, ಅಂದರೆ ಅವರು ಬಿಟ್ಟ ಪನೀರಿಗಿಂತ ಒಂದು ಕೈ ಮೇಲೇ. ಉಳಿದ ಎರಡು ರಾತ್ರಿ ಸೋಯಾ ಹಾಲನ್ನು ಒಡೆಸಿ ಒತ್ತಿದ ತೋಫು, 150 ಗ್ರಾಂ. ತೋಫುವಿನಲ್ಲಿ ನೀರು ಜಾಸ್ತಿ, ಹಾಗಾಗಿ ಪ್ರೋಟೀನ್ 15 ಗ್ರಾಂ ಆಸುಪಾಸು. ಗಟ್ಟಿ ತೋಫು ಆದರೆ ಇನ್ನೂ ಸ್ವಲ್ಪ ಜಾಸ್ತಿ. ದಿನಾ ಸಂಜೆ ಒಂದು ಲೋಟ ಸಕ್ಕರೆ ಇಲ್ಲದ ಸೋಯಾ ಹಾಲು, ಅದರಿಂದ 6 ಗ್ರಾಂ. ವಾರದ ಸರಾಸರಿ ದಿನಕ್ಕೆ 19 ಗ್ರಾಂ ಸೋಯಾ ಪ್ರೋಟೀನ್ ಆಯಿತು. 25 ಮುಟ್ಟಿಸಬೇಕು ಅಂತ ನಾನು ಹಟ ಮಾಡಲಿಲ್ಲ. ಭಾನುವಾರದ ಮಾಂಸ ಬಿಡಿ ಅಂದರೆ ಅವರು ಇಡೀ ಪಥ್ಯವನ್ನೇ ಬಿಡುತ್ತಿದ್ದರು. ಅದನ್ನು 150 ಗ್ರಾಂನಿಂದ 75ಕ್ಕೆ ಇಳಿಸಿ, ಬೆಳ್ಳಗೆ ಕಾಣುವ ಕೊಬ್ಬನ್ನು ಅಡುಗೆಗೆ ಮೊದಲೇ ಕತ್ತರಿಸಿ ತೆಗೆಯಲು ಹೇಳಿದೆ.

ಒಂದು ತೊಡಕು ಮೊದಲ ವಾರದಲ್ಲೇ ಕಂಡಿತು. ನೂರು ಗ್ರಾಂ ಪನೀರಿನಲ್ಲಿ ಇನ್ನೂರೈವತ್ತಕ್ಕೂ ಜಾಸ್ತಿ ಕ್ಯಾಲರಿ. 40 ಗ್ರಾಂ ಚಂಕ್ಸ್‌ನಲ್ಲಿ ಅದರ ಅರ್ಧ. ರಾತ್ರಿ ಹತ್ತಕ್ಕೆ ಹಸಿವಾಗಿ ಬಿಸ್ಕತ್ತಿನ ಡಬ್ಬಕ್ಕೆ ಕೈ ಹೋಗುತ್ತಿತ್ತು. ಆ ಖಾಲಿ ಜಾಗವನ್ನು ಬಿಸ್ಕತ್ತು ತುಂಬಿದರೆ ಎಲ್‌ಡಿಎಲ್ ಲಾಭ ಕುಗ್ಗುತ್ತದೆ, ಸಕ್ಕರೆಯೂ ಏರುತ್ತದೆ. ರೊಟ್ಟಿಯ ಜೊತೆ ಎರಡು ಚಮಚ ಶೇಂಗಾ ಚಟ್ನಿಪುಡಿ ಸೇರಿಸಿದೆವು. ಶೇಂಗಾದ ಕೊಬ್ಬು ಬೇರೆ ಜಾತಿಯದು, ಎಲ್‌ಡಿಎಲ್ ಏರಿಸುವುದಿಲ್ಲ. ಹಸಿವೂ ನಿಂತಿತು.

ಅಡುಗೆ ಸರಿಹೋಗಲು ಎರಡು ವಾರ ಬೇಕಾಯಿತು. ಚಂಕ್ಸ್‌ನ ಹಸಿ ವಾಸನೆ ಮನೆಯವರಿಗೆ ಆಗುತ್ತಿರಲಿಲ್ಲ. ಕೊನೆಗೆ ನಿಂತ ಕ್ರಮ ಹೀಗಿದೆ. ಉಪ್ಪು ಹಾಕಿ ಕುದಿಯುವ ನೀರಿಗೆ ಚಂಕ್ಸ್ ಸುರಿದು ಐದಾರು ನಿಮಿಷ ಬೇಯಿಸಿ, ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡುವುದು. ಆ ನೀರು ಚೆಲ್ಲಿ, ತಣ್ಣೀರಿನಲ್ಲಿ ಅದ್ದಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡುವುದು. ಹೀಗೆ ಎರಡು ಮೂರು ಸಲ, ಹಿಂಡಿದ ನೀರು ತಿಳಿಯಾಗುವ ತನಕ. ಹಾಗೆ ಮಾಡಿದರೆ ಹೊಟ್ಟೆ ಉಬ್ಬರವೂ ಸ್ವಲ್ಪ ಕಡಿಮೆ, ಯಾಕೆಂದರೆ ಗ್ಯಾಸ್ ಮಾಡುವ ಸಕ್ಕರೆಗಳಲ್ಲಿ ಒಂದಿಷ್ಟು ನೀರಿನ ಜೊತೆ ಹೋಗುತ್ತವೆ. ಆಮೇಲೆ ಕರಿಯುವುದಲ್ಲ. ಉಳ್ಳಾಗಡ್ಡಿ, ಟೊಮೆಟೊ, ಮಸಾಲೆ ಖಾರ ಹಾಕಿ, ಇಬ್ಬರಿಗೆ ಎರಡು ಚಮಚ ಎಣ್ಣೆಯಲ್ಲಿ ಒಗ್ಗರಣೆ ಮಾಡಿ, ಅದರ ರಸ ಕುದಿಯುವಾಗ ಚಂಕ್ಸ್ ಹಾಕುವುದು. ಆಗ ಸ್ಪಂಜು ಎಣ್ಣೆಯ ಬದಲು ಮಸಾಲೆಯ ರಸವನ್ನು ಕುಡಿಯುತ್ತದೆ. ಹೆಂಡತಿ ಒಂದು ದಿನ ಗುರೆಳ್ಳು ಪುಡಿ ಉದುರಿಸಿ ಪಲ್ಯ ಮಾಡಿದರಂತೆ. ಅವತ್ತಿನಿಂದ ಗಾಡಿಯ ಸೋಯಾ ಚಿಲ್ಲಿ ನಿಂತಿತು.

ಅವರು ಸೋಯಾ ಹಾಲನ್ನೂ ಮನೆಯಲ್ಲೇ ಮಾಡಲು ಹೊರಟರು, ಹೊಲದ ಕಾಳು ಇತ್ತಲ್ಲ. ಮೊದಲ ಸಲ ಹಸಿ ಹಸಿ ವಾಸನೆ ಬಂದು ಚೆಲ್ಲಿದರು. ನೆನೆದ ಕಾಳನ್ನು ತಣ್ಣೀರಿನಲ್ಲಿ ರುಬ್ಬಿದರೆ ಕಾಳಿನ ಒಂದು ಕಿಣ್ವ ಅದರ ಕೊಬ್ಬಿನ ಮೇಲೆ ಕೆಲಸ ಮಾಡಿ ಆ ವಾಸನೆ ಹುಟ್ಟಿಸುತ್ತದೆ. ರಾತ್ರಿಯಿಡೀ ನೆನೆಸಿದ ಕಾಳನ್ನು ಕುದಿಯುವ ನೀರಿಗೆ ಹಾಕಿ ಐದು ನಿಮಿಷ ಬಿಟ್ಟು, ಬಿಸಿ ನೀರಿನಲ್ಲೇ ರುಬ್ಬಿದರೆ ಕಿಣ್ವ ಸಾಯುತ್ತದೆ. ಸೋಸಿದ ಹಾಲು ಒಲೆ ಮೇಲಿಟ್ಟ ಸ್ವಲ್ಪ ಹೊತ್ತಿಗೇ ನೊರೆ ಎದ್ದು ಉಕ್ಕುತ್ತದೆ. ಅದನ್ನು ಕುದಿ ಅಂದುಕೊಂಡು ಇಳಿಸಬಾರದು. ಉರಿ ತಗ್ಗಿಸಿ, ಕೈಯಾಡಿಸುತ್ತಾ ಹದಿನೈದು ಇಪ್ಪತ್ತು ನಿಮಿಷ ನಿಜವಾಗಿ ಕುದಿಸಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇದೆ. ಸಾಕಷ್ಟು ಕುದಿಸಿದರಷ್ಟೇ ಅದರ ಶಕ್ತಿ ಉಡುಗುತ್ತದೆ.

ಎಮ್ಮೆ ಹಾಲಿನ ಚಹಾ ಮತ್ತು ಮಧ್ಯಾಹ್ನದ ಮೊಸರನ್ನು ನಾವು ಮುಟ್ಟಲಿಲ್ಲ. ಮನೆಯಲ್ಲಿ ಮಾಡಿದ ಸೋಯಾ ಹಾಲಿನಲ್ಲಿ ಬಿ12 ಇರುವುದಿಲ್ಲ, ಕ್ಯಾಲ್ಸಿಯಂ ಕೂಡ ಹಸು, ಎಮ್ಮೆ ಹಾಲಿನಷ್ಟು ಇಲ್ಲ. ಮಾಂಸ ವಾರಕ್ಕೊಮ್ಮೆ ತಿನ್ನುವ ಮನೆಯಲ್ಲಿ ಮೊಸರನ್ನೂ ತೆಗೆದುಬಿಟ್ಟರೆ ಬಿ12ರ ದಾರಿಯೇ ಕಿರಿದಾಗುತ್ತದೆ.

ಮನೆಯಲ್ಲೇ ಇನ್ನೊಂದು ಚೀಟಿ

ನಡುವೆ ನಾವು ಯಾರೂ ನಿರೀಕ್ಷಿಸದ ಒಂದು ವಿಷಯ ಬಂತು. ಹೆಂಡತಿಗೆ ಥೈರಾಯ್ಡ್ ಕಡಿಮೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ. ಮನೆಯಲ್ಲಿ ಸೋಯಾ ಹಾಲು ಶುರುವಾದ ಮೇಲೆ ಅವರು ಮಾತ್ರೆಯ ಬೆನ್ನಿಗೇ ಒಂದು ಲೋಟ ಕುಡಿಯತೊಡಗಿದ್ದರು. ಎರಡು ತಿಂಗಳಲ್ಲಿ ಅವರ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಕಡಿಮೆಯಾದಷ್ಟೂ ಏರುವ ಅಂಕಿ, 3ರಿಂದ 7.8ಕ್ಕೆ ಏರಿತು. ಮೈ ಭಾರ, ಮಲಬದ್ಧತೆ. ಸೋಯಾ ಆ ಮಾತ್ರೆಯನ್ನು ಕರುಳು ಹೀರಿಕೊಳ್ಳದಂತೆ ಅಡ್ಡ ಬರುತ್ತದೆ. ಮಾತ್ರೆಯ ಡೋಸ್ ಹೆಚ್ಚಿಸುವ ಮೊದಲು ಅವರ ಡಾಕ್ಟರಿಗೆ ಈ ಹಾಲಿನ ವಿಷಯ ಹೇಳಿ ಅಂತ ಕಳಿಸಿದೆ. ಹಾಲನ್ನು ಸಂಜೆಗೆ ತಳ್ಳಿದರು, ಡೋಸ್ ಅಷ್ಟೇ ಇತ್ತು, ಎರಡು ತಿಂಗಳ ಮೇಲೆ 3.4ಕ್ಕೆ ಇಳಿಯಿತು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಸೋಯಾ ಬಿಡಬೇಕಿಲ್ಲ, ಎರಡರ ನಡುವೆ ನಾಲ್ಕು ತಾಸು ಅಂತರ ಇರಲಿ. ಥೈರಾಯ್ಡ್ ಕಡಿಮೆಯಾದರೆ ಎಲ್‌ಡಿಎಲ್ ತಾನೇ ಏರುತ್ತದೆ. ಹಾಗಾಗಿ ಯಾರಾದರೂ ಎಲ್‌ಡಿಎಲ್ ಇಳಿಸಲು ಸೋಯಾ ಶುರುಮಾಡಿ, ಅದೇ ಕಾರಣಕ್ಕೆ ಏರಿಸಿಕೊಳ್ಳುವ ಪ್ರಸಂಗವೂ ಬರಬಹುದು.

ಮಗನ ಪ್ರಶ್ನೆ ಬೇರೆ ಇತ್ತು. ಸೋಯಾ ತಿಂದರೆ ಗಂಡಸರ ಹಾರ್ಮೋನ್ ಕಡಿಮೆಯಾಗುತ್ತದಂತೆ ಹೌದಾ ಅಂತ. ಗಂಡಸರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಟೆಸ್ಟೋಸ್ಟೆರಾನ್ ಇಳಿದದ್ದು ಕಂಡಿಲ್ಲ. ಊಟದಲ್ಲಿ ಇಷ್ಟು ಪ್ರಮಾಣಕ್ಕೆ ಆ ಭಯ ಬೇಡ.

ಇಳಿದದ್ದು ನಿಜವಾ?

ಇದು ನನಗೆ ಬಹಳ ಮುಖ್ಯವಾದ ಭಾಗ. ಒಬ್ಬನೇ ಮನುಷ್ಯನ ಎಲ್‌ಡಿಎಲ್ ಯಾವ ಕಾರಣವೂ ಇಲ್ಲದೆ ವಾರದಿಂದ ವಾರಕ್ಕೆ ನೂರಕ್ಕೆ ಏಳೆಂಟರಷ್ಟು ಅತ್ತಿತ್ತ ಆಗುತ್ತದೆ. 158 ಇರುವವರಿಗೆ ಇವತ್ತು 150, ಹತ್ತು ದಿನ ಬಿಟ್ಟು 166 ಬರಬಹುದು. ಸೋಯಾದ ಸ್ವಂತ ಪರಿಣಾಮವೇ ಮೂರ್ನಾಲ್ಕು ಅಂಕ ಅಂದಮೇಲೆ ಒಂದು ಪರೀಕ್ಷೆಯಲ್ಲಿ ಅದನ್ನು ಹಿಡಿಯಲು ಆಗುವುದೇ ಇಲ್ಲ. "ಸೋಯಾ ತಿಂದು ಇಪ್ಪತ್ತು ಇಳಿಯಿತು" ಅನ್ನುವ ಮಾತೂ, "ತಿಂದರೂ ಏರಿತು" ಅನ್ನುವ ಮಾತೂ ಎಷ್ಟೋ ಸಲ ಈ ಏರಿಳಿತವೇ.

ಹಾಗಾಗಿ ಎರಡನೇ ಸಲ ಶುರುಮಾಡುವ ಮೊದಲು ಹತ್ತು ದಿನದ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿಸಿದೆವು. 161, 155, ಸರಾಸರಿ 158. ಎಂಟು ವಾರ ಆದಮೇಲೆ ಅದೇ ಲ್ಯಾಬಿನಲ್ಲಿ ಮತ್ತೆ ಎರಡು. 147, 141, ಸರಾಸರಿ 144. ಜ್ವರ ನೆಗಡಿ ಇದ್ದ ವಾರ ಬಿಟ್ಟು ಮಾಡಿಸಿದ್ದು. ತೂಕ 72ರಿಂದ 71.4, ಹೆಚ್ಚು ಬದಲಾಗಲಿಲ್ಲ. ನಡಿಗೆ ಮೊದಲಿನಷ್ಟೇ.

14 ಅಂಕ ಇಳಿಕೆ, ನೂರಕ್ಕೆ 9ರ ಹತ್ತಿರ. ಇದು ಲೆಕ್ಕಕ್ಕೆ ಕೂಡುತ್ತದಾ ಅಂತ ನೋಡಿದೆ. ಪನೀರ್ ಬಿಟ್ಟದ್ದರಿಂದ ಮತ್ತು ಮಾಂಸ ಅರ್ಧ ಮಾಡಿದ್ದರಿಂದ ದಿನಕ್ಕೆ ಸರಾಸರಿ ಒಂಬತ್ತು ಹತ್ತು ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಹೋಗಿತ್ತು. ಅವರ ದಿನದ 1900 ಕ್ಯಾಲರಿಯಲ್ಲಿ ಅದು ನೂರಕ್ಕೆ ನಾಲ್ಕೂವರೆ ಪಾಲು. ಇಂಥ ಪ್ರತಿ ಒಂದು ಪಾಲಿನ ಜಾಗಕ್ಕೆ ಧಾನ್ಯ ಬಂದರೆ ಎಲ್‌ಡಿಎಲ್ ಒಂದೂಕಾಲು ಅಂಕ, ಸೋಯಾ ಎಣ್ಣೆಯಂಥ ಕೊಬ್ಬು ಬಂದರೆ ಎರಡು ಅಂಕ ಇಳಿಯುತ್ತದೆ. ಅಲ್ಲಿಗೆ 6ರಿಂದ 9. ಸೋಯಾ ಪ್ರೋಟೀನಿನ ಪಾಲು 3ರಿಂದ 4. ಒಟ್ಟು 9ರಿಂದ 13 ಅಂತ ಅಂದಾಜು. ಸಿಕ್ಕಿದ್ದು 14. ಆ ಹೆಚ್ಚಿನ ಒಂದು ಅಂಕ ಪರೀಕ್ಷೆಯ ಏರಿಳಿತದ್ದೇ ಇರಬೇಕು.

ಮೇಷ್ಟ್ರಿಗೆ ಖುಷಿಯಾಯಿತು. "ಹಂಗಾದ್ರ ಮಾತ್ರೆ ಬ್ಯಾಡ ಅಲ್ರಿ?" ಅಂದರು. ಇಲ್ಲಿ ನಾನು ಮಾತು ತೇಲಿಸಲಿಲ್ಲ. ಅವರ ತಂದೆಯ ಕಥೆ, ಸಕ್ಕರೆಯ ಹೊಸ್ತಿಲು, ಕಡಿಮೆ ಎಚ್‌ಡಿಎಲ್ ಎಲ್ಲ ಸೇರಿಸಿ ಡಾಕ್ಟರು ಎಲ್‌ಡಿಎಲ್ 100ರ ಕೆಳಗೆ ಬೇಕು ಅಂದಿದ್ದರು. ಊಟದ ಈ ಬದಲಾವಣೆ 158 ಅನ್ನು 144 ಮಾಡಿತು. ಇನ್ನೂ 44 ಅಂಕ ದೂರ. ಓಟ್ಸ್, ಬಾದಾಮಿ, ನಾರು ಜಾಸ್ತಿ ಇರುವ ಕಾಳು ಎಲ್ಲ ಸೇರಿಸಿದರೆ ಇನ್ನಷ್ಟು ಇಳಿಯುತ್ತದೆ, ಆದರೆ ಅವರ ಮನೆಯ ಊಟದಲ್ಲಿ ಅಷ್ಟು ದೂರ ಹೋಗುವುದು ಕಷ್ಟ. ಡಾಕ್ಟರು ಎಲ್‌ಡಿಎಲ್ ಇಳಿಸುವ ಸ್ಟಾಟಿನ್ ಜಾತಿಯ ಮಾತ್ರೆ, ಕಡಿಮೆ ಡೋಸಿನ ಅಟೊರ್ವಾಸ್ಟಾಟಿನ್ ಬರೆದರು. ಮೂರು ತಿಂಗಳಲ್ಲಿ ಎಲ್‌ಡಿಎಲ್ 92.

ಆಗ ಅವರು ಕೇಳಿದರು, ಮಾತ್ರೆಯೇ ಇಷ್ಟು ಮಾಡುವುದಾದರೆ ಪನೀರ್ ವಾಪಸ್ ತರಬಹುದಲ್ಲ ಅಂತ. ವಾಪಸ್ ತಂದರೆ ಅದೇ ಡೋಸಿನಲ್ಲಿ ಎಲ್‌ಡಿಎಲ್ ಮತ್ತೆ ನೂರರ ಮೇಲೆ ಹೋಗುತ್ತದೆ, ಡೋಸ್ ಏರಿಸಬೇಕಾಗಬಹುದು ಅಂದೆ. ಸ್ಟಾಟಿನ್ ಡೋಸ್ ಎರಡು ಪಟ್ಟು ಮಾಡಿದರೂ ಸಿಗುವುದು ನೂರಕ್ಕೆ ಆರರಷ್ಟು ಹೆಚ್ಚಿನ ಇಳಿಕೆ ಮಾತ್ರ. ಅವರ ಊಟ ಅದಕ್ಕಿಂತ ಜಾಸ್ತಿಯೇ ಕೊಟ್ಟಿತ್ತು. ಮದುವೆ ಮನೆಯಲ್ಲಿ ಬಡಿಸಿದ ಪನೀರ್ ತಿನ್ನಿ, ಮನೆಯ ಫ್ರಿಜ್ಜಿಗೆ ಬೇಡ ಅಂತ ಒಪ್ಪಂದವಾಯಿತು.

ಈ ಸಲ ರಾಶಿ ಮುಗಿದಾಗ ಒಂದು ಚೀಲ ಸೋಯಾ ಮನೆಗೆ ಅಂತ ಬೇರೆ ಎತ್ತಿಟ್ಟಿದ್ದಾರೆ. ಹಾಲು ಸೋಸಿ ಉಳಿದ ಚರಟವನ್ನು ಹೆಂಡತಿ ಜೋಳದ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟುತ್ತಾರೆ. ಮೂರಕ್ಕೆ ಒಂದು ಪಾಲು ದಾಟಿದರೆ ರೊಟ್ಟಿ ಬಿರಿಯುತ್ತದೆ ಅಂತ ಫೋನ್ ಮಾಡಿ ಹೇಳಿದರು.